ಶೇಕಡ 24 ಶೇಕಡ 12 ಆದ ಬಗೆ

ಒಂಬತ್ತು ತಿಂಗಳು ತುಂಬಿದ ಮಗುವನ್ನು ದಡಾರದ ಚುಚ್ಚುಮದ್ದಿಗೆ ಕರೆದೊಯ್ದಾಗ ಅದರ ಬಾಯಿಗೆ ಒಂದಿಷ್ಟು ಹಳದಿ ದ್ರಾವಣವನ್ನೂ ಹಾಕುತ್ತಾರೆ. ಅದು ವಿಟಮಿನ್ ಎ. ಮೊದಲ ಸಲ ಒಂದು ಲಕ್ಷ ಯೂನಿಟ್, ಆಮೇಲೆ ಆರಾರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್, ಐದು ವರ್ಷ ತುಂಬುವಷ್ಟರಲ್ಲಿ ಒಟ್ಟು ಒಂಬತ್ತು ಬಾರಿ. ಕರ್ನಾಟಕದ ಅಂಗನವಾಡಿಗಳಲ್ಲೂ ಇದು ವರ್ಷಗಳಿಂದ ನಡೆದುಬಂದಿದೆ. ಇರುಳುಗುರುಡನ್ನು ತಡೆಯುವುದಕ್ಕೆಂದು ಶುರುವಾದ ಕ್ರಮ ಇದು. ಆದರೆ 1980ರ ದಶಕದಿಂದ ಇದರ ಸುತ್ತ ಇನ್ನೂ ದೊಡ್ಡ ಪ್ರಶ್ನೆಯೊಂದು ಸುತ್ತಿಕೊಂಡಿದೆ: ಈ ಹನಿಗಳು ಮಕ್ಕಳ ಸಾವನ್ನೂ ತಡೆಯುತ್ತವೆಯೇ?

ಈ ಪ್ರಶ್ನೆಗೆ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಸಂಶೋಧಕರು 2010ರಲ್ಲಿ ಉತ್ತರ ಕೊಟ್ಟರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಿಟಮಿನ್ ಎ ಕೊಟ್ಟರೆ ಸಾವು ಶೇಕಡ 24ರಷ್ಟು ಕಡಿಮೆಯಾಗುತ್ತದೆ ಎಂದರು. 2017ರಲ್ಲಿ ಅದೇ ಪ್ರಶ್ನೆಯನ್ನು ಅದೇ ವಿಧಾನದಲ್ಲಿ ಮತ್ತೊಮ್ಮೆ ಕೈಗೆತ್ತಿಕೊಂಡಾಗ ಬಂದ ಉತ್ತರ ಶೇಕಡ 12. ನಡುವೆ ಯಾರೂ ಸುಳ್ಳು ಹೇಳಿರಲಿಲ್ಲ, ಯಾರ ಲೆಕ್ಕವೂ ತಪ್ಪಿರಲಿಲ್ಲ. ಉತ್ತರ ಅರ್ಧಕ್ಕರ್ಧ ಕುಗ್ಗಿತು, ಹೇಗೆ ಕುಗ್ಗಿತೆಂಬುದನ್ನು ಯಾರು ಬೇಕಾದರೂ ಹೆಜ್ಜೆ ಹೆಜ್ಜೆಯಾಗಿ ಹಿಂಬಾಲಿಸಿ ನೋಡಬಹುದು. ಹಾಗೆ ಹಿಂಬಾಲಿಸಲು ಬಿಡುವ ಬರಹಕ್ಕೆ ಸಂಶೋಧಕರು ಇಟ್ಟ ಹೆಸರು ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ವ್ಯವಸ್ಥಿತ ಪರಾಮರ್ಶೆ.

ಹಳೆಯ ಬಗೆಯ ಪರಾಮರ್ಶೆ ಬೇರೆ ರೀತಿಯದು. ವಿಷಯದಲ್ಲಿ ಪಳಗಿದ ಹಿರಿಯರೊಬ್ಬರು ತಾವು ಓದಿದ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಅಭಿಪ್ರಾಯ ಬರೆಯುತ್ತಿದ್ದರು. ವಿಟಮಿನ್ ಎ ವಿಷಯದಲ್ಲಿ ಹಾಗೆ ಬರೆಯಹೊರಟವರ ಕೈಗೆ ಯಾವ ಪ್ರಬಂಧ ಮೊದಲು ಸಿಕ್ಕಿತು ಎಂಬುದರ ಮೇಲೆಯೇ ತೀರ್ಮಾನ ನಿಂತುಬಿಡುತ್ತಿತ್ತು. ಇಂಡೋನೇಷ್ಯಾದ ಆಚೆ ಪ್ರಾಂತ್ಯದ 450 ಹಳ್ಳಿಗಳಲ್ಲಿ ಆಲ್ಫ್ರೆಡ್ ಸೊಮ್ಮರ್ ತಂಡ ನಡೆಸಿ 1986ರಲ್ಲಿ ಪ್ರಕಟಿಸಿದ ಪ್ರಯೋಗ ಸಾವು ಶೇಕಡ 34ರಷ್ಟು ಇಳಿಯಿತೆಂದಿತು. 1990ರಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಭಾಗದಿಂದ ಬಂದ ವರದಿ ಶೇಕಡ 54 ಎಂದಿತು. ಅದೇ ವರ್ಷ ಹೈದರಾಬಾದಿನ ಸುತ್ತಲ ಹಳ್ಳಿಗಳಿಂದ ಬಂದ ಇನ್ನೊಂದು ವರದಿ, ಗಮನಾರ್ಹ ವ್ಯತ್ಯಾಸವೇ ಇಲ್ಲ ಎಂದಿತು. ತಮಿಳುನಾಡಿನದೂ ಹೈದರಾಬಾದಿನದೂ ಹದಿನೈದು ಸಾವಿರಕ್ಕಿಂತ ಹೆಚ್ಚು ಮಕ್ಕಳನ್ನು ಒಳಗೊಂಡ ಗಂಭೀರ ಅಧ್ಯಯನಗಳೇ. ಯಾವುದನ್ನು ನಂಬಬೇಕು?

ವ್ಯವಸ್ಥಿತ ಪರಾಮರ್ಶೆಯ ಮೊದಲ ಕಟ್ಟಳೆ ಇಲ್ಲಿಂದಲೇ ಹುಟ್ಟುತ್ತದೆ. ಯಾವ ಅಧ್ಯಯನವನ್ನು ಸೇರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವುಗಳ ಫಲಿತಾಂಶ ನೋಡುವ ಮೊದಲೇ ಬರೆದಿಡಬೇಕು. ಈ ಬರಹಕ್ಕೆ ಪ್ರೋಟೋಕಾಲ್ ಎನ್ನುತ್ತಾರೆ. ಕಾಕ್ರೇನ್ ತನ್ನ ಪ್ರೋಟೋಕಾಲ್‌ಗಳನ್ನು ತಾನೇ ಪ್ರಕಟಿಸುತ್ತದೆ. ಉಳಿದವರಿಗಾಗಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯ 2011ರಿಂದ ಪ್ರಾಸ್ಪೆರೊ ಎಂಬ ನೋಂದಣಿ ಪುಸ್ತಕವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಪಿಎಚ್‌ಡಿ ಮಾಡುವ ವಿದ್ಯಾರ್ಥಿಗಳೂ ಅಲ್ಲಿ ನೋಂದಾಯಿಸಬಹುದು. ಆಮೇಲೆ ಮನಸ್ಸು ಬದಲಾಯಿಸಬಾರದೆಂದೇನಿಲ್ಲ. ಬದಲಾಯಿಸಿದರೆ ಯಾವಾಗ, ಏಕೆ ಎಂದು ಹೇಳಬೇಕು, ಅಷ್ಟೆ. ನೋಂದಾಯಿಸಿದ ಯೋಜನೆಯನ್ನೂ ಕೊನೆಗೆ ಪ್ರಕಟವಾದ ಬರಹವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಲೇಖಕರು ನಡುದಾರಿಯಲ್ಲಿ ಗುರಿಕಂಬವನ್ನು ಕಿತ್ತು ಬೇರೆಡೆ ನೆಟ್ಟಿದ್ದಾರೆಯೇ ಎಂಬುದು ಗೊತ್ತಾಗಿಬಿಡುತ್ತದೆ.

ಪ್ರೋಟೋಕಾಲ್‌ನ ತಿರುಳು ನಾಲ್ಕು ಪ್ರಶ್ನೆಗಳು. ಯಾರ ಮೇಲೆ, ಏನನ್ನು ಪ್ರಯೋಗಿಸಿ, ಯಾವುದರೊಡನೆ ಹೋಲಿಸಿ, ಯಾವ ಪರಿಣಾಮವನ್ನು ಅಳೆಯಬೇಕು? ವಿಟಮಿನ್ ಎ ಪರಾಮರ್ಶೆಯಲ್ಲಿ ಇದಕ್ಕೆ ಕೊಟ್ಟ ಉತ್ತರಗಳು ಬಿಗಿಯಾಗಿವೆ. ಮಕ್ಕಳ ವಯಸ್ಸು ಆರು ತಿಂಗಳಿಂದ ಐದು ವರ್ಷ. ಅವರು ಸಮುದಾಯದಲ್ಲಿ ವಾಸಿಸುವವರಾಗಿರಬೇಕು, ಆಸ್ಪತ್ರೆಯಲ್ಲಿ ಮಲಗಿರುವವರು ಬೇಡ, ಕಾಯಿಲೆಯಿದೆ ಎಂದೇ ಆರಿಸಿಕೊಂಡವರೂ ಬೇಡ. ಕೊಟ್ಟದ್ದು ಬಾಯಿಯ ಮೂಲಕ ಸೇವಿಸುವ, ಕಾರ್ಖಾನೆಯಲ್ಲಿ ತಯಾರಾದ ವಿಟಮಿನ್ ಎ ಆಗಿರಬೇಕು. ವಿಟಮಿನ್ ಬೆರೆಸಿದ ಎಣ್ಣೆ, ಹಿಟ್ಟು, ಸಕ್ಕರೆಗಳ ಅಧ್ಯಯನಗಳು ಹೊರಗೆ. ಕ್ಯಾರೆಟ್ಟು, ಸೊಪ್ಪು ತಿನ್ನಿಸಿ ನೋಡಿದವು ಹೊರಗೆ. ಬೀಟಾ ಕೆರೋಟಿನ್ ಕೊಟ್ಟವೂ ಹೊರಗೆ. ಯಾವ ಮಗುವಿಗೆ ಅಥವಾ ಯಾವ ಹಳ್ಳಿಗೆ ವಿಟಮಿನ್ ಎಂಬುದು ಚೀಟಿ ಎತ್ತಿ ನಿರ್ಧಾರವಾಗಿರಬೇಕು. ಇದೇ ರ್‍ಯಾಂಡಮೈಸ್ಡ್ ಪ್ರಯೋಗ.

ಸೊಪ್ಪನ್ನೇಕೆ ಹೊರಗಿಟ್ಟರು ಎಂದು ಓದುಗರಿಗೆ ಅನ್ನಿಸುವುದು ಸಹಜ. ನುಗ್ಗೆಸೊಪ್ಪು ಒಳ್ಳೆಯದಲ್ಲವೆಂದು ಅದರ ಅರ್ಥವಲ್ಲ. ಸೊಪ್ಪಿನಲ್ಲಿ ಇನ್ನೂ ಹತ್ತಾರು ಪೋಷಕಾಂಶಗಳಿವೆ. ಸೊಪ್ಪು ತಿಂದ ಮಗು ಚೇತರಿಸಿಕೊಂಡರೆ ಶ್ರೇಯಸ್ಸು ವಿಟಮಿನ್ ಎಯದೋ ಕಬ್ಬಿಣಾಂಶದ್ದೋ ಬೇರ್ಪಡಿಸಲಾಗದು. ಅರ್ಹತೆಯ ನಿಯಮ ಪ್ರಶ್ನೆಗೆ ಹೊಂದಬೇಕೇ ಹೊರತು ಅಧ್ಯಯನದ ಯೋಗ್ಯತೆಗೆ ಕೊಟ್ಟ ಬಿರುದಲ್ಲ. ಈ ನಿಯಮಗಳನ್ನು ಬರೆಯುವಾಗ ಹೊಸಬರು ಸಾಮಾನ್ಯವಾಗಿ ಎಡವುವುದು ಪರಿಣಾಮದ ವಿಷಯದಲ್ಲಿ. ಸಾವಿನ ಅಂಕಿ ಕೊಡದ ಅಧ್ಯಯನವನ್ನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಿದರೆ, ಸಾವನ್ನು ಎಣಿಸಿಯೂ ಫಲಿತಾಂಶ ಹಿತವಾಗಿಲ್ಲವೆಂದು ವರದಿಯಲ್ಲಿ ಬರೆಯದೆ ಬಿಟ್ಟವರು ಯಾರ ಕಣ್ಣಿಗೂ ಬೀಳದೆ ಹೋಗುತ್ತಾರೆ. ಕಾಕ್ರೇನ್ ತಂಡ 2017ರಲ್ಲಿ ಒಳಗೆ ಬಿಟ್ಟುಕೊಂಡ ಅಧ್ಯಯನಗಳು 47. ಅವುಗಳಲ್ಲಿ ಸಾವಿನ ಒಟ್ಟು ಲೆಕ್ಕಕ್ಕೆ ಅಂಕಿ ಒದಗಿಸಿದ್ದು 19 ಮಾತ್ರ. ಉಳಿದ 28 ಏನು ಹೇಳಲಿಲ್ಲ ಎಂಬುದೂ ಓದುಗರಿಗೆ ಕಾಣಿಸಬೇಕು.

ನಿಯಮ ಬರೆದಾದ ಮೇಲೆ ಹುಡುಕಾಟ. ವೈದ್ಯಕೀಯ ಪ್ರಬಂಧಗಳ ವಿವರಗಳನ್ನು ಕೋಟಿಗಟ್ಟಲೆ ಪೇರಿಸಿಟ್ಟಿರುವ ಡೇಟಾಬೇಸ್‌ಗಳಿವೆ. ಮೆಡ್‌ಲೈನ್, ಎಂಬೇಸ್, ಕಾಕ್ರೇನ್‌ನದೇ ಆದ ಪ್ರಯೋಗಗಳ ಭಂಡಾರ ಪ್ರಮುಖವಾದವು. ಒಂದರಲ್ಲಿ ಸಿಕ್ಕದ್ದು ಇನ್ನೊಂದರಲ್ಲಿ ಸಿಗುವುದರಿಂದ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಅಲ್ಲಿ ಟೈಪ್ ಮಾಡುವ ಸಾಲಿಗೆ ಸರ್ಚ್ ಸ್ಟ್ರಿಂಗ್ ಎನ್ನುತ್ತಾರೆ. ಸಾಮಾನ್ಯ ಗೂಗಲ್ ಹುಡುಕಾಟಕ್ಕೂ ಇದಕ್ಕೂ ಇರುವ ಅಂತರ ಒಂದು ಪುಟ್ಟ ಮಾದರಿಯಿಂದ ತಿಳಿಯುತ್ತದೆ. ಇದು ಕಾಕ್ರೇನ್ ತಂಡ ಬಳಸಿದ ಪೂರ್ಣ ಸಾಲಲ್ಲ. ಅದೇ ಪ್ರಶ್ನೆಗೆ ಪಬ್‌ಮೆಡ್ ಎಂಬ ಉಚಿತ ತಾಣದಲ್ಲಿ ಬರೆಯಬಹುದಾದ ಸರಳ ರೂಪ:

```
("Vitamin A"[Mesh] OR "vitamin A"[tiab] OR retinol[tiab])
AND (child*[tiab] OR infant*[tiab] OR preschool*[tiab]
     OR "pre-school"[tiab])
AND (randomized controlled trial[pt] OR randomi*[tiab]
     OR placebo[tiab] OR trial[tiab])
```

ಮೂರು ಕಂಸಗಳು, ಮೂರು ಪರಿಕಲ್ಪನೆಗಳು: ವಿಟಮಿನ್, ಮಕ್ಕಳು, ಪ್ರಯೋಗ. ಕಂಸದೊಳಗೆ ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳನ್ನು `OR` ಜೋಡಿಸುತ್ತದೆ, ಅವುಗಳಲ್ಲಿ ಯಾವುದಿದ್ದರೂ ಸಾಕು. ಕಂಸಗಳ ನಡುವಿನ `AND`, ಮೂರೂ ಪರಿಕಲ್ಪನೆಗಳು ಒಂದೇ ಪ್ರಬಂಧದಲ್ಲಿ ಇರಲೇಬೇಕು ಎನ್ನುತ್ತದೆ. `[tiab]` ಎಂದರೆ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಹುಡುಕು ಎಂದು. `[Mesh]` ಎಂಬುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ಪ್ರಬಂಧಗಳಿಗೆ ಅಂಟಿಸುವ ವಿಷಯಸೂಚಿಯ ಹೆಸರು. ಲೇಖಕರು ಯಾವ ಪದ ಬಳಸಿದ್ದರೂ ಗ್ರಂಥಾಲಯ ಅದನ್ನು ಒಂದೇ ಹೆಸರಿನಡಿ ತರುತ್ತದೆ. ನಕ್ಷತ್ರ ಚಿಹ್ನೆ ಪದದ ಬಾಲವನ್ನು ಬಿಟ್ಟುಕೊಡುತ್ತದೆ. `randomi*` ಎಂದು ಬರೆದರೆ `randomised` ಎಂಬ ಬ್ರಿಟಿಷ್ ಕಾಗುಣಿತವೂ `randomized` ಎಂಬ ಅಮೆರಿಕನ್ ಕಾಗುಣಿತವೂ ಸಿಗುತ್ತವೆ. ಇದು ಸಣ್ಣ ಮಾತಲ್ಲ. ಆಚೆ ಪ್ರಯೋಗದ ಶೀರ್ಷಿಕೆಯಲ್ಲಿರುವುದು ಬ್ರಿಟಿಷ್ ಕಾಗುಣಿತ.

ಈ ಸಾಲಿನಲ್ಲಿ ಇಲ್ಲದಿರುವ ಎರಡು ಪದಗಳನ್ನೂ ಗಮನಿಸಬೇಕು. `supplement*` ಇಲ್ಲ, `mortality` ಇಲ್ಲ. ಪ್ರಶ್ನೆಯೇ ವಿಟಮಿನ್ ಪೂರಕ ಮತ್ತು ಸಾವಿನ ಬಗ್ಗೆ ಇರುವಾಗ ಇವನ್ನೇಕೆ ಬಿಟ್ಟದ್ದು? ಮೇಲೆ ಹೇಳಿದ 1990ರ ಎರಡು ಭಾರತೀಯ ಪ್ರಬಂಧಗಳ ಶೀರ್ಷಿಕೆಗಳನ್ನು ತೆಗೆದು ನೋಡಿದರೆ ಕಾರಣ ಸಿಗುತ್ತದೆ. ತಮಿಳುನಾಡಿನದು ವಾರಕ್ಕೊಮ್ಮೆ ಕೊಟ್ಟ ‘ಸ್ಮಾಲ್ ಡೋಸ್’ ಎನ್ನುತ್ತದೆ. ಹೈದರಾಬಾದಿನದು ‘ಮ್ಯಾಸಿವ್ ಡೋಸ್’ ಎನ್ನುತ್ತದೆ. ಎರಡರ ಶೀರ್ಷಿಕೆಯಲ್ಲೂ ಸಪ್ಲಿಮೆಂಟ್ ಎಂಬ ಪದವಿಲ್ಲ, ರ್‍ಯಾಂಡಮೈಸ್ಡ್ ಎಂಬ ಪದವೂ ಇಲ್ಲ. ಹುಡುಕುವವರು ಸಪ್ಲಿಮೆಂಟ್ ಇರಲೇಬೇಕೆಂದು ಹಟ ಹಿಡಿದು, ಶೀರ್ಷಿಕೆಯಲ್ಲಷ್ಟೇ ಹುಡುಕಿದ್ದರೆ, ಒಂದು ಶೇಕಡ 54 ಎಂದ, ಇನ್ನೊಂದು ವ್ಯತ್ಯಾಸವಿಲ್ಲ ಎಂದ ಎರಡು ಮುಖ್ಯ ಸಾಕ್ಷ್ಯಗಳೂ ಜಾರಿಹೋಗುತ್ತಿದ್ದವು. ಇನ್ನು ಸಾವಿನ ಪದವನ್ನು ಬಿಡುವುದಕ್ಕೆ ಕಾರಣ, ಅತಿಸಾರವನ್ನೋ ಬೆಳವಣಿಗೆಯನ್ನೋ ಮುಖ್ಯವಾಗಿ ಅಳೆದ ಅಧ್ಯಯನ ಸತ್ತ ಮಕ್ಕಳ ಸಂಖ್ಯೆಯನ್ನು ಒಳಗಿನ ಯಾವುದೋ ಕೋಷ್ಟಕದಲ್ಲಿ ಮಾತ್ರ ಕೊಟ್ಟಿರಬಹುದು. ಸಾರಾಂಶದಲ್ಲಿ ಅದರ ಸುಳಿವೇ ಇರುವುದಿಲ್ಲ.

ಸ್ಟ್ರಿಂಗ್ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ನೇರ ಪರೀಕ್ಷೆ ಇದೆ. ವಿಷಯ ಬಲ್ಲವರಿಗೆ ಆಗಲೇ ಗೊತ್ತಿರುವ, ಸೇರಲೇಬೇಕಾದ ಐದಾರು ಪ್ರಬಂಧಗಳ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ಸ್ಟ್ರಿಂಗ್ ಓಡಿಸಿದಾಗ ಅವೆಲ್ಲ ಬಲೆಗೆ ಬಿದ್ದರೆ ಮುಂದುವರಿಯಬಹುದು. ಒಂದು ತಪ್ಪಿದರೂ ಆ ಪ್ರಬಂಧ ಯಾವ ಪದ ಬಳಸಿದೆ ಎಂದು ನೋಡಿ ಸಾಲನ್ನು ತಿದ್ದಬೇಕು. ಮತ್ತೊಂದು ಅಪಾಯ `NOT` ಎಂಬ ಪದದಲ್ಲಿದೆ. ವಯಸ್ಕರ ಅಧ್ಯಯನ ಬೇಡವೆಂದು `NOT adult` ಎಂದು ಬರೆದರೆ ತಾಯಿ ಮತ್ತು ಮಗು ಇಬ್ಬರನ್ನೂ ಒಳಗೊಂಡ ಪ್ರಬಂಧವೂ ಕಣ್ಮರೆಯಾಗುತ್ತದೆ. ಹಾಗೆ ಹೋದದ್ದು ಹೋಯಿತೆಂದು ತೋರಿಸುವ ಯಾವ ಗುರುತೂ ಪರದೆಯ ಮೇಲೆ ಉಳಿಯುವುದಿಲ್ಲ. ಆದ್ದರಿಂದಲೇ ಇಂಥ ಸಾಲುಗಳನ್ನು ಬರೆಯುವುದರಲ್ಲಿ ನುರಿತ ಗ್ರಂಥಪಾಲಕರೊಬ್ಬರು ತಂಡದಲ್ಲಿರಬೇಕು, ಅವರು ಬರೆದದ್ದನ್ನು ಇನ್ನೊಬ್ಬ ಗ್ರಂಥಪಾಲಕರು ತಿದ್ದಬೇಕು ಎಂಬ ಪದ್ಧತಿ ಬಂದಿರುವುದು. ಕೊನೆಗೆ ಪ್ರತಿ ಡೇಟಾಬೇಸ್‌ನಲ್ಲಿ ಓಡಿಸಿದ ಸಾಲನ್ನು ಅಕ್ಷರಶಃ, ಹುಡುಕಿದ ದಿನಾಂಕದ ಸಮೇತ ಪ್ರಕಟಿಸಬೇಕು. 2017ರ ಪರಾಮರ್ಶೆಗಾಗಿ ಹುಡುಕಾಟ ನಡೆದದ್ದು 2016ರ ಮಾರ್ಚ್‌ನಲ್ಲಿ.

ಡೇಟಾಬೇಸ್ ಎಷ್ಟು ಚೆನ್ನಾಗಿ ಜಾಲಾಡಿದರೂ ಪ್ರಕಟವೇ ಆಗದ್ದು ಸಿಗುವುದಿಲ್ಲ. ಈ ಕಥೆಯ ತಿರುವು ಇರುವುದು ಅಲ್ಲೇ. ಉತ್ತರ ಪ್ರದೇಶದ 72 ಬ್ಲಾಕ್‌ಗಳಲ್ಲಿ, ಎಂಟು ಸಾವಿರಕ್ಕಿಂತ ಹೆಚ್ಚು ಅಂಗನವಾಡಿಗಳ ಮೂಲಕ, ಸುಮಾರು ಹತ್ತು ಲಕ್ಷ ಮಕ್ಕಳನ್ನು ಒಳಗೊಂಡ ಬೃಹತ್ ಪ್ರಯೋಗವೊಂದು 1999ರಲ್ಲಿ ಶುರುವಾಗಿತ್ತು. ಅದರ ಹೆಸರು ಡೆವ್ಟಾ. ಲಖನೌದ ಶೈಲಿ ಅವಸ್ಥಿ, ಆಕ್ಸ್‌ಫರ್ಡಿನ ರಿಚರ್ಡ್ ಪೀಟೊ ಮತ್ತು ಅವರ ಸಂಗಡಿಗರು ನಡೆಸಿದ ಈ ಪ್ರಯೋಗದಲ್ಲಿ 36 ಬ್ಲಾಕ್‌ಗಳ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಸಿಕ್ಕಿತು, ಉಳಿದ 36ರಲ್ಲಿ ಸಿಗಲಿಲ್ಲ. ಪ್ರಯೋಗ ಮುಗಿದದ್ದು 2004ರಲ್ಲಿ. ಪೂರ್ಣ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು 2013ರಲ್ಲಿ. ಕಾಕ್ರೇನ್‌ನ ಮೊದಲ ಆವೃತ್ತಿ ಹೊರಬಂದ 2010ರಲ್ಲಿ ಅದುವರೆಗಿನ ಎಲ್ಲ ಪ್ರಯೋಗಗಳನ್ನು ಕೂಡಿಸಿದರೂ ಮಕ್ಕಳ ಸಂಖ್ಯೆ ಸುಮಾರು 2 ಲಕ್ಷ 15 ಸಾವಿರ. ಅದರ ನಾಲ್ಕು ಪಟ್ಟಿಗಿಂತ ದೊಡ್ಡದಾದ ಒಂದೇ ಪ್ರಯೋಗ ಆಗಲೇ ನಡೆದು ಮುಗಿದಿತ್ತು, ಆದರೆ ಅದರ ಪೂರ್ಣ ವರದಿ ಇನ್ನೂ ಅಚ್ಚಾಗಿರಲಿಲ್ಲ.

ಇಂಥ ಕತ್ತಲ ಮೂಲೆಗಳಿಗಾಗಿಯೇ ಪರಾಮರ್ಶಕರು ಪ್ರಯೋಗಗಳ ನೋಂದಣಿ ಕಚೇರಿಗಳನ್ನೂ ಹುಡುಕುತ್ತಾರೆ. ಭಾರತದಲ್ಲಿ ಸಿಟಿಆರ್‌ಐ ಎಂಬ ನೋಂದಣಿ ತಾಣ 2007ರಲ್ಲಿ ಆರಂಭವಾಯಿತು. 2009ರ ಜೂನ್‌ನಿಂದ ಔಷಧ ಪ್ರಯೋಗಗಳನ್ನು ಅಲ್ಲಿ ಮೊದಲೇ ದಾಖಲಿಸುವುದು ಕಡ್ಡಾಯವಾಯಿತು. ಶುರುವಾಗಿ ವರ್ಷಗಳಾದರೂ ಫಲಿತಾಂಶ ಕಾಣದ ಪ್ರಯೋಗಗಳು ಅಲ್ಲಿ ಪತ್ತೆಯಾಗುತ್ತವೆ. ಸಿಕ್ಕ ಪ್ರಬಂಧಗಳ ಉಲ್ಲೇಖ ಪಟ್ಟಿಗಳನ್ನು ತಡಕುವುದು, ಸಂಶೋಧಕರಿಗೆ ಪತ್ರ ಬರೆದು ಕೇಳುವುದು ಕೂಡ ಕೆಲಸದ ಭಾಗವೇ.

ಬಲೆ ಎಳೆದಾದ ಮೇಲೆ ಬರುವುದು ಸ್ಕ್ರೀನಿಂಗ್. ಸಾವಿರಾರು ಶೀರ್ಷಿಕೆಗಳಿರುತ್ತವೆ. ಮೊದಲು ಬೇರೆ ಬೇರೆ ಡೇಟಾಬೇಸ್‌ಗಳಿಂದ ಬಂದ ಒಂದೇ ಪ್ರಬಂಧದ ನಕಲುಗಳನ್ನು ತೆಗೆಯಬೇಕು. ಉಳಿದವುಗಳ ಶೀರ್ಷಿಕೆ ಮತ್ತು ಸಾರಾಂಶವನ್ನು ಇಬ್ಬರು, ಒಬ್ಬರ ತೀರ್ಪು ಇನ್ನೊಬ್ಬರಿಗೆ ತಿಳಿಯದಂತೆ, ಓದುತ್ತಾರೆ. ‘ರೆಟಿನಾಲ್’ ಎಂಬ ಪದ ಹಿಡಿದು ಬಂದ ಮುಖದ ಕ್ರೀಮುಗಳ ಪ್ರಬಂಧಗಳು ಇಲ್ಲೇ ಹೊರಬೀಳುತ್ತವೆ. ಅನುಮಾನವಿದ್ದರೆ ಒಳಗಿಟ್ಟುಕೊಳ್ಳುವುದು ಈ ಹಂತದ ನಿಯಮ. ಎರಡನೇ ಹಂತದಲ್ಲಿ ಪೂರ್ಣ ಪ್ರಬಂಧವನ್ನೇ ತರಿಸಿ ಓದುತ್ತಾರೆ. ಇಲ್ಲಿ ಹೊರಗೆ ಹಾಕಿದ ಪ್ರತಿಯೊಂದಕ್ಕೂ ಕಾರಣ ಬರೆಯಬೇಕು: ವಯಸ್ಸು ಹೊಂದಲಿಲ್ಲ, ಚೀಟಿ ಎತ್ತಿ ಹಂಚಿರಲಿಲ್ಲ, ಕೊಟ್ಟದ್ದು ಬೀಟಾ ಕೆರೋಟಿನ್, ಹೀಗೆ. ಇಬ್ಬರ ತೀರ್ಪು ಬೇರೆಯಾದರೆ ಕೂತು ಮಾತಾಡುತ್ತಾರೆ, ಬಗೆಹರಿಯದಿದ್ದರೆ ಮೂರನೆಯವರನ್ನು ಕೇಳುತ್ತಾರೆ.

ಇಬ್ಬರು ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡಬಹುದು. ನೂರು ಶೀರ್ಷಿಕೆಗಳಿವೆ ಎಂದುಕೊಳ್ಳೋಣ. ಇಬ್ಬರೂ ಐದನ್ನು ಒಳಗೆ ಎಂದರು, ಇಬ್ಬರೂ 85ನ್ನು ಹೊರಗೆ ಎಂದರು. ಮೊದಲನೆಯವರು ಮಾತ್ರ ಒಪ್ಪಿದ್ದು ಐದು, ಎರಡನೆಯವರು ಮಾತ್ರ ಒಪ್ಪಿದ್ದು ಐದು. ನೂರರಲ್ಲಿ ತೊಂಬತ್ತಕ್ಕೆ ಒಮ್ಮತವಿದೆ, ಚೆನ್ನಾಗಿಯೇ ಇದೆಯಲ್ಲ ಎನಿಸುತ್ತದೆ. ಆದರೆ ಹೆಚ್ಚಿನವು ಹೊರಗೆ ಹೋಗುವಂಥವೇ ಆಗಿರುವಾಗ ಇಬ್ಬರೂ ಕಣ್ಣುಮುಚ್ಚಿ ತೊಂಬತ್ತು ತೊಂಬತ್ತನ್ನು ಹೊರಗೆಸೆದಿದ್ದರೂ ಸುಮಾರು 82ಕ್ಕೆ ಒಮ್ಮತ ತಾನಾಗಿ ಬರುತ್ತಿತ್ತು. ಆಕಸ್ಮಿಕವಾಗಿ ಬರುವ ಈ ಪಾಲನ್ನು ಕಳೆದು ಅಳೆಯುವ ಮಾನಕ್ಕೆ ಕಪ್ಪಾ ಎಂದು ಹೆಸರು. ಇಲ್ಲಿ ಒಟ್ಟು ಗಳಿಸಬಹುದಾಗಿದ್ದ 18ರಲ್ಲಿ ಗಳಿಸಿದ್ದು 8, ಅಂದರೆ ಕಪ್ಪಾ ಕೇವಲ 0.44. ಒಳಗೆ ಬರಬೇಕಾದವು ಯಾವುವು ಎಂಬ ವಿಷಯದಲ್ಲಿ ಇಬ್ಬರ ಕಣ್ಣು ಬೇರೆ ಬೇರೆ ಕಡೆ ನೆಟ್ಟಿದೆ ಎಂದರ್ಥ. ಇಂಥದ್ದು ಕಂಡರೆ ಕೆಲಸ ನಿಲ್ಲಿಸಿ ಅರ್ಹತೆಯ ನಿಯಮದಲ್ಲಿ ಯಾವ ಮಾತು ಅಸ್ಪಷ್ಟವಾಗಿದೆ ಎಂದು ಹುಡುಕಬೇಕು. ಅದಕ್ಕೆಂದೇ ಜಾಣ ತಂಡಗಳು ಮೊದಲ ಐವತ್ತು ನೂರು ಶೀರ್ಷಿಕೆಗಳನ್ನು ಪ್ರಾಯೋಗಿಕವಾಗಿ ಜರಡಿ ಹಿಡಿದು, ನಿಯಮ ತಿದ್ದಿಕೊಂಡು, ಆಮೇಲೆ ಉಳಿದ ರಾಶಿಗೆ ಕೈ ಹಾಕುತ್ತವೆ.

ಎಷ್ಟು ಸಿಕ್ಕಿತು, ಎಷ್ಟು ನಕಲು, ಎಷ್ಟು ಎಲ್ಲಿ ಏಕೆ ಹೊರಬಿತ್ತು, ಕೊನೆಗೆ ಎಷ್ಟು ಉಳಿಯಿತು ಎಂಬುದನ್ನೆಲ್ಲ ಒಂದೇ ಪುಟದ ಚಿತ್ರದಲ್ಲಿ ತೋರಿಸಬೇಕು. ಇದನ್ನು ಪ್ರಿಸ್ಮಾ ಹರಿವಿನ ಚಿತ್ರ ಎನ್ನುತ್ತಾರೆ. 2009ರಲ್ಲಿ ಬಂದ ಪ್ರಿಸ್ಮಾ ಮಾರ್ಗಸೂಚಿಯ ಪರಿಷ್ಕೃತ ರೂಪ ‘ಪ್ರಿಸ್ಮಾ 2020’ ಪ್ರಕಟವಾದದ್ದು 2021ರಲ್ಲಿ. ಈ ಚಿತ್ರವನ್ನು ಓದುವವರು ಮೊದಲು ಕೂಡಿಸಿ ಕಳೆದು ನೋಡಬೇಕು. ಮೇಲಿನ ಪೆಟ್ಟಿಗೆಯ ಸಂಖ್ಯೆಯಿಂದ ಹೊರಬಿದ್ದವನ್ನು ಕಳೆದರೆ ಕೆಳಗಿನ ಪೆಟ್ಟಿಗೆಯ ಸಂಖ್ಯೆ ಬರಲೇಬೇಕು. ಬಾರದಿದ್ದರೆ ಎಲ್ಲೋ ಪ್ರಬಂಧಗಳು ದಾಖಲೆಯಿಲ್ಲದೆ ಕಳೆದುಹೋಗಿವೆ. ಜೊತೆಗೆ ‘ಅಧ್ಯಯನ’ ಮತ್ತು ‘ವರದಿ’ಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದಾರೆಯೇ ಎಂಬುದನ್ನೂ ನೋಡಬೇಕು. ತಮಿಳುನಾಡಿನ ಪ್ರಯೋಗ ಸಾವಿನ ಬಗ್ಗೆ 1990ರಲ್ಲಿ ಒಂದು ಪ್ರಬಂಧ ಕೊಟ್ಟಿತು, ಅತಿಸಾರ ಮತ್ತು ಉಸಿರಾಟದ ಕಾಯಿಲೆಗಳ ಬಗ್ಗೆ ಮರುವರ್ಷ ಇನ್ನೊಂದನ್ನು ಕೊಟ್ಟಿತು. ಪ್ರಬಂಧ ಎರಡು, ಮಕ್ಕಳು ಅವರೇ. ಎರಡೆಂದು ಎಣಿಸಿದರೆ ಅದೇ ಮಗು ಲೆಕ್ಕದಲ್ಲಿ ಎರಡು ಸಲ ಬರುತ್ತದೆ.

ಇನ್ನು ಉಳಿದದ್ದು ಗುಣಮಟ್ಟದ ಪರೀಕ್ಷೆ. ಬಹಳ ಕಾಲ ಇದನ್ನು ಅಂಕ ಕೊಟ್ಟು ಮುಗಿಸುತ್ತಿದ್ದರು. 1999ರಲ್ಲಿ ಪೀಟರ್ ಯೂನಿ ಮತ್ತು ಸಂಗಡಿಗರು ಒಂದೇ ಗುಂಪಿನ 17 ಪ್ರಯೋಗಗಳನ್ನು ಆಗ ಚಾಲ್ತಿಯಲ್ಲಿದ್ದ 25 ಬೇರೆ ಬೇರೆ ಅಂಕಪಟ್ಟಿಗಳಿಂದ ಅಳೆದು ನೋಡಿದರು. ಒಂದು ಪಟ್ಟಿಯ ಪ್ರಕಾರ ಉತ್ತಮವಾದ ಪ್ರಯೋಗಗಳು ಇನ್ನೊಂದರಲ್ಲಿ ಕಳಪೆಯಾದವು, ಯಾವ ಪಟ್ಟಿ ಹಿಡಿದಿರಿ ಎಂಬುದರ ಮೇಲೆ ಚಿಕಿತ್ಸೆಯ ಬಗೆಗಿನ ತೀರ್ಮಾನವೇ ಬದಲಾಯಿತು. ಅಲ್ಲಿಂದೀಚೆಗೆ ಕಾಕ್ರೇನ್‌ನಂಥವರು ಒಟ್ಟು ಅಂಕದ ಗೋಜಿಗೆ ಹೋಗುವುದಿಲ್ಲ. ಪಕ್ಷಪಾತ ಎಲ್ಲೆಲ್ಲಿ ನುಸುಳಬಹುದೆಂದು ಒಂದೊಂದೇ ಬಾಗಿಲನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ. ಹಂಚಿಕೆ ನಿಜವಾಗಿ ಚೀಟಿಯಿಂದ ಆಯಿತೇ? ಅಂದುಕೊಂಡ ಚಿಕಿತ್ಸೆ ಅಂದುಕೊಂಡವರಿಗೇ ತಲುಪಿತೇ? ನಡುವೆ ಬಿಟ್ಟುಹೋದವರೆಷ್ಟು? ಪರಿಣಾಮವನ್ನು ಅಳೆದವರಿಗೆ ಯಾರಿಗೆ ಏನು ಸಿಕ್ಕಿದೆಯೆಂದು ಗೊತ್ತಿತ್ತೇ? ಅಳೆದದ್ದೆಲ್ಲ ವರದಿಯಾಯಿತೇ, ಅಥವಾ ಅನುಕೂಲವಾದದ್ದು ಮಾತ್ರವೇ?

ನಮ್ಮ ಪ್ರಯೋಗಗಳನ್ನೇ ಇದಕ್ಕೆ ಒಡ್ಡಿ ನೋಡೋಣ. ತಮಿಳುನಾಡಿನಲ್ಲಿ ಎರಡೂ ಗುಂಪಿನ ಮಕ್ಕಳ ಮನೆಗೆ ವಾರಕ್ಕೊಮ್ಮೆ ಕಾರ್ಯಕರ್ತರು ಹೋದರು. ಒಂದು ಗುಂಪಿಗೆ ವಿಟಮಿನ್ ಎ ಜೊತೆ ವಿಟಮಿನ್ ಇ, ಇನ್ನೊಂದಕ್ಕೆ ವಿಟಮಿನ್ ಇ ಮಾತ್ರ. ಯಾರಿಗೆ ಯಾವುದೆಂದು ಗೊತ್ತಾಗದಂತೆ ಏರ್ಪಾಡಿತ್ತು. ಆಚೆಯಲ್ಲಿ ಹೋಲಿಕೆಯ ಹಳ್ಳಿಗಳಿಗೆ ಏನನ್ನೂ ಕೊಟ್ಟಿರಲಿಲ್ಲ, ಹಾಗಾಗಿ ಯಾರು ಯಾವ ಗುಂಪೆಂಬುದು ಎಲ್ಲರಿಗೂ ತಿಳಿದಿತ್ತು. ಡೆವ್ಟಾದಲ್ಲೂ ಹುಸಿ ಔಷಧ ಇರಲಿಲ್ಲ. ಇದು ಎಷ್ಟರಮಟ್ಟಿಗೆ ದೋಷ? ಉತ್ತರ ಅಳೆಯುವ ವಸ್ತುವನ್ನು ಅವಲಂಬಿಸಿದೆ. ಮಗುವಿಗೆ ಎಷ್ಟು ಸಲ ಭೇದಿಯಾಯಿತೆಂದು ತಾಯಿಯನ್ನು ಕೇಳುವಾಗ ಔಷಧ ಸಿಕ್ಕಿದೆಯೆಂಬ ತಿಳಿವಳಿಕೆ ಅವಳ ನೆನಪನ್ನೇ ತುಸು ಬಾಗಿಸಬಹುದು. ಸಾವಿನ ಎಣಿಕೆಯಲ್ಲಿ ಅಷ್ಟು ಸುಲಭವಾಗಿ ಹಾಗಾಗದು. ಆದ್ದರಿಂದ ಒಂದೇ ಪ್ರಯೋಗ ಭೇದಿಯ ವಿಷಯದಲ್ಲಿ ಅನುಮಾನಾಸ್ಪದವೂ ಸಾವಿನ ವಿಷಯದಲ್ಲಿ ಬಹುಮಟ್ಟಿಗೆ ನಂಬಲರ್ಹವೂ ಆಗಿರಬಹುದು. ಇಡೀ ಅಧ್ಯಯನಕ್ಕೆ ಹತ್ತಕ್ಕೆ ಏಳು ಎಂದು ಅಂಕ ಕೊಟ್ಟುಬಿಟ್ಟರೆ ಈ ಸೂಕ್ಷ್ಮ ಅಳಿಸಿಹೋಗುತ್ತದೆ.

ಡೆವ್ಟಾದ ಮೇಲೆ ಬಂದ ಹೆಚ್ಚು ತೀವ್ರವಾದ ಆಕ್ಷೇಪ ಎರಡನೇ ಬಾಗಿಲಿನದು. ಇಷ್ಟು ದೊಡ್ಡ ಪ್ರದೇಶದಲ್ಲಿ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಕೊಡಿಸಿದ ಔಷಧ ನಿಜಕ್ಕೂ ಅಷ್ಟು ಮಕ್ಕಳನ್ನು ತಲುಪಿತೇ ಎಂದು ಸೊಮ್ಮರ್ ಮತ್ತು ಅವರ ಜೊತೆಗಾರರು ಪ್ರಶ್ನಿಸಿದರು. ತಲುಪುವಿಕೆ ಶೇಕಡ 86 ಎಂದು ಡೆವ್ಟಾ ತಂಡ ಅಂದಾಜು ಮಾಡಿತ್ತು. ಅದಕ್ಕೆ ಪುರಾವೆಯಾಗಿ ಒಂದಷ್ಟು ಮಕ್ಕಳ ರಕ್ತ ಮತ್ತು ಕಣ್ಣಿನ ತಪಾಸಣೆಯೂ ಇತ್ತು. ವಿಟಮಿನ್ ಕೊರತೆಯ ಗುರುತಾದ ಬಿಟಾಟ್ ಚುಕ್ಕೆಗಳು ಔಷಧ ಪಡೆದ ಬ್ಲಾಕ್‌ಗಳಲ್ಲಿ ಶೇಕಡ 1.4, ಪಡೆಯದ ಕಡೆ ಶೇಕಡ 3.5. ಅಂದರೆ ಔಷಧ ಗಣನೀಯವಾಗಿ ಒಳಗೆ ಹೋಗಿತ್ತು. ಆದರೂ ಸಾವು ಇಳಿದದ್ದು ಶೇಕಡ 4 ಮಾತ್ರ, ಅದೂ ಆಕಸ್ಮಿಕವಾಗಿರಬಹುದಾದಷ್ಟು ಸಣ್ಣದು.

ಹೀಗಿರುವಾಗ ಡೆವ್ಟಾವನ್ನು ಏನು ಮಾಡಬೇಕು? ಅರ್ಹತೆಯ ನಿಯಮಕ್ಕೆ ಅದು ಹೊಂದುತ್ತದೆ. ಫಲಿತಾಂಶ ಹಿಡಿಸಲಿಲ್ಲವೆಂದು ಹೊರಗೆ ಹಾಕುವಂತಿಲ್ಲ. ಪ್ರೋಟೋಕಾಲ್ ಮೊದಲೇ ಬರೆದಿಟ್ಟದ್ದರ ಬೆಲೆ ಈ ಕ್ಷಣದಲ್ಲಿ ಗೊತ್ತಾಗುತ್ತದೆ. ಕಾಕ್ರೇನ್ ತಂಡ ಅದನ್ನು ಸೇರಿಸಿಕೊಂಡಿತು. ಸಾವಿನ ಲೆಕ್ಕಕ್ಕೆ ಬಂದ ಸುಮಾರು 12 ಲಕ್ಷ ಮಕ್ಕಳಲ್ಲಿ ಹತ್ತು ಲಕ್ಷದಷ್ಟು ಈ ಒಂದೇ ಪ್ರಯೋಗದವರು. ಶೇಕಡ 24 ಇದ್ದದ್ದು ಶೇಕಡ 12ಕ್ಕೆ ಇಳಿದದ್ದು ಹೀಗೆ.

ಆದರೆ ಆ 12 ಕೂಡ ಕೂಡಿಸುವ ವಿಧಾನವೊಂದರ ಮೇಲೆ ನಿಂತಿದೆ. ಎಲ್ಲ ಪ್ರಯೋಗಗಳೂ ಒಂದೇ ಸತ್ಯವನ್ನು ಅಳೆಯುತ್ತಿವೆ ಎಂದುಕೊಂಡರೆ ದೊಡ್ಡ ಪ್ರಯೋಗದ ಮಾತೇ ಹೆಚ್ಚು ತೂಗುತ್ತದೆ. ಇದು ಫಿಕ್ಸೆಡ್ ಎಫೆಕ್ಟ್ ಲೆಕ್ಕ, ಉತ್ತರ 12. ಪ್ರದೇಶದಿಂದ ಪ್ರದೇಶಕ್ಕೆ ಪರಿಣಾಮವೇ ಬೇರೆಯಿರಬಹುದು ಎಂದು ಒಪ್ಪಿಕೊಂಡರೆ ಸಣ್ಣ ಪ್ರಯೋಗಗಳಿಗೂ ಹೆಚ್ಚು ದನಿ ಸಿಗುತ್ತದೆ. ಇದು ರ್‍ಯಾಂಡಮ್ ಎಫೆಕ್ಟ್ಸ್ ಲೆಕ್ಕ. ಹೀಗೆ ಕೂಡಿಸಿದಾಗ ಡೆವ್ಟಾ ಸೇರಿದ ಮೇಲೂ ಬಂದ ಉತ್ತರ ಮತ್ತೆ ಶೇಕಡ 24. ತಂಡ ಎರಡನ್ನೂ ಸಾರಾಂಶದಲ್ಲೇ ಬರೆದು, ಎರಡೂ ಲೆಕ್ಕಗಳ ಅನಿಶ್ಚಿತತೆಯ ವ್ಯಾಪ್ತಿಗಳು ಒಂದರ ಮೇಲೊಂದು ಹಾಯುತ್ತವೆ ಎಂದೂ ತಿಳಿಸಿತು. ಪತ್ರಿಕೆಗಳಲ್ಲಿ ಒಂದೇ ಅಂಕಿ ಓದಿದವರಿಗೆ ಈ ಎರಡನೆಯದು ಕಾಣಿಸುವುದಿಲ್ಲ. ಪರಾಮರ್ಶೆಯನ್ನು ತೆರೆದವರು ಅದನ್ನು ಹುಡುಕಿಯೇ ಓದಬೇಕು.

ಕೂಡಿಸಿದ ಅಂಕಿಗೆ ಹೇಳಲಾಗದ ಮಾತೊಂದಿದೆ. ಇದರಲ್ಲಿರುವ ಹಳೆಯ ಪ್ರಯೋಗಗಳು ಕಣ್ಣಿನ ಕೊರತೆ ಕಣ್ಣಿಗೆ ಹೊಡೆಯುವಷ್ಟಿದ್ದ, ದಡಾರದ ಲಸಿಕೆ ವಿರಳವಾಗಿದ್ದ ಕಾಲದ ಹಳ್ಳಿಗಳಲ್ಲಿ ನಡೆದವು. 2016ರಿಂದ 2018ರ ನಡುವೆ ನಡೆದ ರಾಷ್ಟ್ರೀಯ ಪೋಷಣೆ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಭಾರತೀಯ ಮಕ್ಕಳಲ್ಲಿ ವಿಟಮಿನ್ ಎ ಕೊರತೆ ಕಂಡದ್ದು ಸುಮಾರು ಶೇಕಡ 18ರಷ್ಟು ಮಂದಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಎಲ್ಲ ಮಕ್ಕಳಿಗೂ ಹನಿ ಕೊಡಬೇಕಾದ ಪ್ರದೇಶವನ್ನು ಗುರುತಿಸಲು ಬಳಸಿದ ಗೆರೆ ಶೇಕಡ 20. ಹೀಗಾಗಿ ದೇಶದಾದ್ಯಂತ ಒಂದೇ ಸಮನೆ ಕೊಡುವುದನ್ನು ಮುಂದುವರಿಸಬೇಕೇ, ಕೊರತೆ ಹೆಚ್ಚಿರುವ ರಾಜ್ಯ ಜಿಲ್ಲೆಗಳಿಗೆ ಸೀಮಿತಗೊಳಿಸಬೇಕೇ ಎಂದು ಪೋಷಣಾ ತಜ್ಞರು ವಾದಿಸುತ್ತಿದ್ದಾರೆ. ಎರಡೂ ಪಕ್ಷಗಳ ಕೈಯಲ್ಲಿರುವುದು ಇದೇ ಪರಾಮರ್ಶೆ. 2022ರಲ್ಲಿ ಅದು ಮತ್ತೊಮ್ಮೆ ನವೀಕೃತವಾಯಿತು. ಡೇಟಾಬೇಸ್‌ಗಳಲ್ಲಿ ಮತ್ತೆ ಹುಡುಕಿದರು, ಶೀರ್ಷಿಕೆಗಳನ್ನು ಮತ್ತೆ ಇಬ್ಬಿಬ್ಬರು ಓದಿದರು. ಅರ್ಹವಾದ ಹೊಸ ಪ್ರಯೋಗ ಒಂದೂ ಸಿಗಲಿಲ್ಲ, ಅಧ್ಯಯನಗಳ ಸಂಖ್ಯೆ 47ರಲ್ಲೇ ನಿಂತಿತು.